ರಕ್ತ ಏರಿಸಲು ಕಲಿಸುವಾಗ ಗುರಿ ಬರೆಯುವ ಬಗೆ

ನರ್ಸಿಂಗ್ ಕಾಲೇಜಿನ ಲೆಸನ್ ಪ್ಲಾನ್ ಪುಸ್ತಕ ತೆರೆದರೆ ಮೊದಲ ಪುಟದಲ್ಲಿ ಸಾಮಾನ್ಯವಾಗಿ ಇಂಥದೊಂದು ವಾಕ್ಯ ಸಿಗುತ್ತದೆ: ‘ತರಗತಿ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳು ರಕ್ತ ಏರಿಸುವ ಕುರಿತು ಜ್ಞಾನ ಪಡೆದು, ಕೌಶಲ ಮತ್ತು ಮನೋಭಾವ ಬೆಳೆಸಿಕೊಂಡು, ವೃತ್ತಿಯಲ್ಲಿ ಅಳವಡಿಸಿಕೊಳ್ಳುವರು.’ ಮುಂದಿನ ವಾರ ಪಾಠ ಬದಲಾದಾಗ ‘ರಕ್ತ ಏರಿಸುವ’ ಎಂಬಲ್ಲಿ ‘ಸಕ್ಕರೆ ಕಾಯಿಲೆಯ’ ಎಂದು ಬರೆದರೆ ಸಾಕು, ಉಳಿದದ್ದೆಲ್ಲ ಹಾಗೆಯೇ ಹೊಂದಿಕೊಳ್ಳುತ್ತದೆ. ಅದರ ಕೆಳಗೆ ನಿರ್ದಿಷ್ಟ ಉದ್ದೇಶಗಳ ಸಾಲು: ವ್ಯಾಖ್ಯಾನಿಸುವರು, ಪಟ್ಟಿ ಮಾಡುವರು, ವಿವರಿಸುವರು, ಚರ್ಚಿಸುವರು.

ಈ ವಾಕ್ಯಗಳನ್ನು ಹಿಡಿದು ವಿದ್ಯಾರ್ಥಿನಿಯೊಬ್ಬಳು ಪಾಠ ಕಲಿತಳೋ ಇಲ್ಲವೋ ಎಂದು ಹೇಳಲಾಗದು. ‘ಜ್ಞಾನ ಪಡೆಯುವುದು’ ಕಣ್ಣಿಗೆ ಕಾಣುವ ಕೆಲಸವಲ್ಲ. ಪಟ್ಟಿ ಮಾಡುವುದು ಕಾಣುತ್ತದೆ ನಿಜ, ಆದರೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ಯಾರೂ ಪಟ್ಟಿ ಕೇಳುವುದಿಲ್ಲ. ಅಲ್ಲಿ ಬರುವ ಮಾತು ಬೇರೆ: ‘ಸಿಸ್ಟರ್, ಯಾಕೋ ಚಳಿ ಬರ್ತಿದೆ, ಸೊಂಟ ಹಿಡಿದ ಹಾಗೆ ನೋಯ್ತಿದೆ.’

ಮೆಡಿಕಲ್-ಸರ್ಜಿಕಲ್ ನರ್ಸಿಂಗ್ ಎಂದರೆ ಆಸ್ಪತ್ರೆಯ ದೊಡ್ಡವರ ವಾರ್ಡುಗಳಲ್ಲಿ, ಔಷಧಿಯಿಂದ ಅಥವಾ ಶಸ್ತ್ರಚಿಕಿತ್ಸೆಯಿಂದ ಗುಣವಾಗಬೇಕಾದವರ ಆರೈಕೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಹೊಸ ಬಿ.ಎಸ್ಸಿ. ಪಠ್ಯಕ್ರಮದಲ್ಲಿ ಇದಕ್ಕೆ ‘ವಯಸ್ಕರ ಆರೋಗ್ಯ ಶುಶ್ರೂಷೆ’ ಎಂಬ ಹೆಸರು. ಆ ಪಠ್ಯಕ್ರಮ ಪ್ರತಿ ಘಟಕಕ್ಕೂ ಕಲಿಕಾ ಫಲ, ವಿಷಯ, ಬೋಧನೆಯ ಚಟುವಟಿಕೆ, ಪರೀಕ್ಷಿಸುವ ವಿಧಾನಗಳನ್ನು ಅಕ್ಕಪಕ್ಕದ ಅಂಕಣಗಳಲ್ಲಿ ಕೊಡುತ್ತದೆ. ಆದರೆ ಘಟಕವೊಂದಕ್ಕೆ ಬರೆದ ಫಲ ಅಗಲವಾದದ್ದು. ಅದನ್ನು ಒಂದೊಂದು ತರಗತಿಗೆ, ಒಂದೊಂದು ದಿನಕ್ಕೆ ಇಳಿಸಿ ಬರೆಯುವ ಹೊಣೆ ಪಾಠ ಮಾಡುವವರದು. ರಕ್ತ ಏರಿಸುವ ಪಾಠವನ್ನೇ ಹಿಡಿದು ಆ ಕೆಲಸ ಹೇಗೆ ಸಾಗುತ್ತದೆ ಎಂದು ನೋಡಬಹುದು. ಏಕೆಂದರೆ ರಕ್ತ ಏರಿಸುವಾಗ ನರ್ಸ್ ಮಾಡಬೇಕಾದ ಕೆಲಸಕ್ಕೆ ಗಡಿಯಾರದ ಲೆಕ್ಕವಿದೆ, ತಪ್ಪಿದರೆ ಅದು ಬೇಗ ಕಾಣುತ್ತದೆ.

ಆ ಲೆಕ್ಕ ಹೀಗಿದೆ. ರಕ್ತನಿಧಿಯ ಫ್ರಿಜ್‌ನಿಂದ ಹೊರಬಂದ ಕೆಂಪುಕಣಗಳ ಬ್ಯಾಗನ್ನು 30 ನಿಮಿಷದೊಳಗೆ ಏರಿಸಲು ಶುರುಮಾಡಬೇಕು, ನಾಲ್ಕು ಗಂಟೆಯೊಳಗೆ ಮುಗಿಸಬೇಕು. ತಡವಾದಷ್ಟೂ ಬೆಚ್ಚಗಾದ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ ಹೆಚ್ಚು. ಮೊದಲ 15 ನಿಮಿಷ ಹನಿಯನ್ನು ನಿಧಾನವಾಗಿ ಬಿಟ್ಟು, ನರ್ಸ್ ರೋಗಿಯ ಬಳಿಯೇ ನಿಲ್ಲಬೇಕು. ಗುಂಪು ಹೊಂದದ ರಕ್ತ ಹೋದರೆ ಕೆಲವೇ ಮಿಲಿಲೀಟರಿಗೆ ದೇಹ ತಿರುಗಿಬೀಳಬಲ್ಲದು. ಹಾಗಾಗಿ ತೊಂದರೆ ಕಂಡೊಡನೆ ನಿಲ್ಲಿಸಿದರೆ ಒಳಹೋದದ್ದು ಸ್ವಲ್ಪವೇ ಆಗಿರುತ್ತದೆ.

ಉದ್ದೇಶ ಬರೆಯುವ ವಿದ್ಯೆಗೆ ಎರಡು ಮೂಲಗಳಿವೆ. ಮೊದಲನೆಯದು 1956ರದು. ಷಿಕಾಗೋ ವಿಶ್ವವಿದ್ಯಾಲಯದ ಬೆಂಜಮಿನ್ ಬ್ಲೂಮ್ ಮತ್ತು ಅವರ ಜೊತೆಗಾರರು, ಪರೀಕ್ಷೆ ನಡೆಸುವವರಿಗೆ ಪ್ರಶ್ನೆಗಳನ್ನು ವಿಂಗಡಿಸಲು ಅನುಕೂಲವಾಗಲೆಂದು, ಬುದ್ಧಿಯ ಕೆಲಸಗಳನ್ನು ಆರು ಮಟ್ಟಗಳಾಗಿ ಜೋಡಿಸಿದರು. 2001ರಲ್ಲಿ ಆಂಡರ್‌ಸನ್ ಮತ್ತು ಕ್ರಾಥ್‌ವೋಲ್ ಅದನ್ನು ಪರಿಷ್ಕರಿಸಿದ ಮೇಲೆ ಆ ಮೆಟ್ಟಿಲುಗಳು ಸ್ಮರಣೆ, ತಿಳಿವು, ಅನ್ವಯ, ವಿಶ್ಲೇಷಣೆ, ಮೌಲ್ಯಮಾಪನ, ಸೃಜನೆ ಎಂದಾದವು. ಬಿ.ಇಡಿ. ಓದಿದವರಿಗೆಲ್ಲ ಈ ಪಟ್ಟಿ ಬಾಯಿಪಾಠ. ಬ್ಲೂಮ್ 1950ರ ದಶಕದ ಕೊನೆಯಲ್ಲಿ ಭಾರತಕ್ಕೂ ಬಂದು ಪರೀಕ್ಷಾ ಸುಧಾರಣೆಯ ಕಾರ್ಯಾಗಾರಗಳನ್ನು ನಡೆಸಿದ್ದರು. ನಮ್ಮ ಶಿಕ್ಷಣ ಕಾಲೇಜುಗಳಿಗೆ ಈ ವಿಂಗಡಣೆಯ ಪರಿಚಯ ಅಷ್ಟು ಹಳೆಯದು.

ಎರಡನೆಯ ಮೂಲ ರಾಬರ್ಟ್ ಮೇಗರ್ 1962ರಲ್ಲಿ ಬರೆದ ಪುಟ್ಟ ಪುಸ್ತಕ. ಉದ್ದೇಶದ ವಾಕ್ಯದಲ್ಲಿ ಮೂರು ಸಂಗತಿ ಇರಬೇಕೆಂದು ಅವರು ಹೇಳಿದರು. ಕಲಿತವರು ಏನು ಮಾಡಿ ತೋರಿಸುತ್ತಾರೆ, ಯಾವ ಸನ್ನಿವೇಶದಲ್ಲಿ ಮಾಡುತ್ತಾರೆ, ಎಷ್ಟು ಚೆನ್ನಾಗಿ ಮಾಡಿದರೆ ಸಾಕು. ಬ್ಲೂಮ್ ಎತ್ತರ ತೋರಿಸಿದರೆ, ಮೇಗರ್ ಆ ಎತ್ತರವನ್ನು ಅಳೆಯುವ ದಾರಿ ತೋರಿಸಿದರು.

‘ರಕ್ತ ಏರಿಸುವಾಗ ಆಗುವ ಪ್ರತಿಕ್ರಿಯೆಗಳ ಬಗ್ಗೆ ತಿಳಿದುಕೊಳ್ಳುವರು’ ಎಂಬ ವಾಕ್ಯವನ್ನು ಶಿಕ್ಷಕಿಯೊಬ್ಬರು ತಿದ್ದಲು ಕೂತಿದ್ದಾರೆ ಎಂದುಕೊಳ್ಳೋಣ. ಅವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ತಿಳಿಯದವಳು ಏನನ್ನು ತಪ್ಪು ಮಾಡುತ್ತಾಳೆ? ತಪ್ಪು ಉತ್ತರ ಹೇಗಿರುತ್ತದೆಂದು ಮುಂಚೆಯೇ ಹೇಳಲಾಗದಿದ್ದರೆ ಆ ಉದ್ದೇಶವನ್ನು ಅಳೆಯಲೂ ಆಗದು.

ಕೆಳಗಿನ ಮೆಟ್ಟಿಲಿನಿಂದಲೇ ಶುರುವಾಗಲಿ. ‘ಪುಸ್ತಕ ನೋಡದೆ, ಗುಂಪು ಹೊಂದದ ರಕ್ತದಿಂದ ಕೆಂಪುಕಣ ಒಡೆದಾಗ ಕಾಣುವ ಲಕ್ಷಣಗಳಲ್ಲಿ ಕನಿಷ್ಠ ಐದನ್ನು ಬರೆಯುವರು.’ ಚಳಿ, ಜ್ವರ, ಸೊಂಟನೋವು, ರಕ್ತದೊತ್ತಡ ಕುಸಿತ, ವೇಗದ ನಾಡಿ, ಸೂಜಿ ಚುಚ್ಚಿದ ರಕ್ತನಾಳದಲ್ಲಿ ಉರಿ, ಕೆಂಪು ಮೂತ್ರ. ಇದು ಸ್ಮರಣೆ. ಇದನ್ನು ಕೀಳಾಗಿ ಕಾಣಬೇಕಿಲ್ಲ, ನೆನಪಿನಲ್ಲಿ ಇಲ್ಲದ ಲಕ್ಷಣವನ್ನು ವಾರ್ಡಿನಲ್ಲಿ ಗುರುತಿಸಲು ಯಾರಿಗೂ ಆಗದು. ಆದರೆ ಪಾಠದ ಉದ್ದೇಶಗಳೆಲ್ಲ ಇಲ್ಲಿಯೇ ನಿಂತುಬಿಟ್ಟರೆ ತೊಂದರೆ.

ಮುಂದಿನದು ತಿಳಿವು. ಇಲ್ಲಿ ಮಟ್ಟದ ಹೆಸರನ್ನೇ ಕ್ರಿಯಾಪದವಾಗಿ ಬರೆದು ‘ತಿಳಿಯುವರು’ ಎನ್ನುವವರು ಬಹಳ. ಮಟ್ಟ ತಿಳಿವಿನದೇ ಆದರೂ ವಾಕ್ಯದಲ್ಲಿ ತೋರಿಸುವ ಕೆಲಸ ಇರಬೇಕು. ‘ರಕ್ತದ ಜೊತೆ ಅದೇ ನಳಿಕೆಯಲ್ಲಿ ನಾರ್ಮಲ್ ಸಲೈನ್ ಮಾತ್ರ ಏಕೆ, ರಿಂಗರ್ ಲ್ಯಾಕ್ಟೇಟ್ ಮತ್ತು ಡೆಕ್ಸ್‌ಟ್ರೋಸ್ ಏಕೆ ಬೇಡ ಎಂಬುದಕ್ಕೆ ಒಂದೊಂದು ಕಾರಣವನ್ನು ಸ್ವಂತ ಮಾತಿನಲ್ಲಿ ಹೇಳುವರು.’ ರಿಂಗರ್ ಲ್ಯಾಕ್ಟೇಟ್‌ನಲ್ಲಿ ಕ್ಯಾಲ್ಸಿಯಂ ಇದೆ. ಬ್ಯಾಗಿನ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಸಿಟ್ರೇಟ್‌ನ ಕೆಲಸವನ್ನು ಅದು ಕೆಡಿಸಬಲ್ಲದು. ಡೆಕ್ಸ್‌ಟ್ರೋಸ್ ದ್ರಾವಣ ಕೆಂಪುಕಣಗಳನ್ನು ಒಡೆಯುತ್ತದೆ. ಕಾರಣ ಗೊತ್ತಿಲ್ಲದವಳು ‘ಪುಸ್ತಕದಲ್ಲಿ ಹಾಗಿದೆ’ ಎನ್ನುತ್ತಾಳೆ. ತಪ್ಪು ಅಲ್ಲಿಯೇ ಕಾಣುತ್ತದೆ.

ಅನ್ವಯದ ಮಟ್ಟದಲ್ಲಿ ಲೆಕ್ಕ ಬರುತ್ತದೆ. ‘ಬ್ಯಾಗಿನ ಪ್ರಮಾಣ, ಕೊಡಬೇಕಾದ ಅವಧಿ ಮತ್ತು ಸೆಟ್ಟಿನ ಪೊಟ್ಟಣದ ಮೇಲೆ ಅಚ್ಚಾದ ಹನಿಯ ಅಳತೆ ಕೊಟ್ಟಾಗ, ನಿಮಿಷಕ್ಕೆ ಎಷ್ಟು ಹನಿ ಎಂದು ಒಂದು ಹನಿಯ ಅಂತರದೊಳಗೆ ಲೆಕ್ಕಹಾಕುವರು.’ 300 ಮಿಲಿಲೀಟರ್ ಕೆಂಪುಕಣ, ಮೂರು ಗಂಟೆಯಲ್ಲಿ ಮುಗಿಯಬೇಕು, ಮಿಲಿಲೀಟರಿಗೆ 20 ಹನಿಯ ಸೆಟ್ಟು. 300ನ್ನು 20ರಿಂದ ಗುಣಿಸಿ 180 ನಿಮಿಷಕ್ಕೆ ಭಾಗಿಸಿದರೆ ನಿಮಿಷಕ್ಕೆ 33 ಹನಿ. ಹಲವು ತರಗತಿಗಳಲ್ಲಿ ಪಾಠ ಇಲ್ಲಿಗೇ ಮುಗಿಯುತ್ತದೆ. ವಾರ್ಡಿನಲ್ಲಿ ಮುಗಿಯುವುದಿಲ್ಲ. ಮೊದಲ 15 ನಿಮಿಷ ನಿಮಿಷಕ್ಕೆ 20 ಹನಿಯಂತೆ ಬಿಟ್ಟರೆ ಹೋಗುವುದು 15 ಮಿಲಿಲೀಟರ್. ಉಳಿದ 285 ಮಿಲಿಲೀಟರನ್ನು 165 ನಿಮಿಷದಲ್ಲಿ ಮುಗಿಸಬೇಕು, ಅಂದರೆ ನಿಮಿಷಕ್ಕೆ ಸುಮಾರು 35 ಹನಿ. ‘ಮೊದಲ 15 ನಿಮಿಷದ ನಿಧಾನಗತಿಯನ್ನು ಕಳೆದು’ ಎಂಬ ಪದಗಳನ್ನು ಉದ್ದೇಶಕ್ಕೆ ಸೇರಿಸಿದರೆ, ಸೂತ್ರವನ್ನು ಬಾಯಿಪಾಠ ಮಾಡಿದವಳಿಗೂ ಹಾಸಿಗೆಯ ಪಕ್ಕದ ಪರಿಸ್ಥಿತಿಗೆ ಅದನ್ನು ಹೊಂದಿಸಬಲ್ಲವಳಿಗೂ ಇರುವ ವ್ಯತ್ಯಾಸ ಕಾಣಿಸುತ್ತದೆ.

ವಿಶ್ಲೇಷಣೆಯ ಮಟ್ಟವೇ ಈ ಪಾಠದ ತಿರುಳು, ಮತ್ತು ಉದ್ದೇಶಗಳು ಹೆಚ್ಚಾಗಿ ಕೆಡುವುದೂ ಇಲ್ಲಿಯೇ. ಶಿಕ್ಷಕಿ ಹೀಗೆ ಬರೆಯುತ್ತಾರೆ: ‘ತರಗತಿಯಲ್ಲಿ ನೋಡಿರದ ಮೂರು ರೋಗಿಗಳ ಚಾರ್ಟ್ ಕೊಟ್ಟಾಗ, ಪ್ರತಿಯೊಬ್ಬರಿಗೆ ಆಗಿರಬಹುದಾದ ಪ್ರತಿಕ್ರಿಯೆಯನ್ನು ಗುರುತಿಸಿ, ಅದನ್ನು ಬೆಂಬಲಿಸುವ ಎರಡು ಅಂಶ ಮತ್ತು ಉಳಿದೊಂದನ್ನು ತಳ್ಳಿಹಾಕುವ ಒಂದು ಅಂಶವನ್ನು ಚಾರ್ಟಿನಿಂದಲೇ ತೋರಿಸುವರು.’

ಚಾರ್ಟುಗಳು ಹೀಗಿರಬಹುದು. ಒಂದನೇ ಹಾಸಿಗೆಯಲ್ಲಿ 52 ವರ್ಷದವರು. ಹಿಂದೆ ಹಲವು ಬಾರಿ ರಕ್ತ ಪಡೆದಿದ್ದಾರೆ. ಒಂದೂವರೆ ಗಂಟೆಯ ಮೇಲೆ ಚಳಿ ಬಂದು ಜ್ವರ 37.0ರಿಂದ 38.3 ಡಿಗ್ರಿ ಸೆಲ್ಸಿಯಸ್‌ಗೆ ಏರಿದೆ, ರಕ್ತದೊತ್ತಡ ಮೊದಲಿನಂತೆ 124/80, ಸೊಂಟನೋವಿಲ್ಲ, ಮೂತ್ರದ ಬಣ್ಣ ಸರಿಯಿದೆ. ಎರಡನೇ ಹಾಸಿಗೆಯಲ್ಲಿ 34 ವರ್ಷದ ಮಹಿಳೆ. ಶುರುಮಾಡಿ ಹತ್ತು ನಿಮಿಷಕ್ಕೇ ಜ್ವರ 38.4, ರಕ್ತದೊತ್ತಡ 118/76ರಿಂದ 88/54ಕ್ಕೆ ಇಳಿದಿದೆ, ನಾಡಿ 126, ಮೂತ್ರದ ಚೀಲದಲ್ಲಿ ಕೆಂಪು. ಮೂರನೇ ಹಾಸಿಗೆಯಲ್ಲಿ ಮೂತ್ರಪಿಂಡದ ಕಾಯಿಲೆಯಿರುವ 71 ವರ್ಷದ ಅಜ್ಜ. ಎರಡನೇ ಬ್ಯಾಗು ಅರ್ಧವಾಗಿದೆ, ಜ್ವರವಿಲ್ಲ, ಏದುಸಿರು, ರಕ್ತದೊತ್ತಡ 138/84ರಿಂದ 176/100ಕ್ಕೆ ಏರಿದೆ, ಆಮ್ಲಜನಕದ ಮಟ್ಟ 97ರಿಂದ 88ಕ್ಕೆ ಬಿದ್ದಿದೆ.

ಎರಡನೆಯವರದು ಕೆಂಪುಕಣ ಒಡೆಯುವ ಪ್ರತಿಕ್ರಿಯೆಯ ಚಿತ್ರ. ಮೂರನೆಯವರದು ರಕ್ತನಾಳಗಳಲ್ಲಿ ದ್ರವ ಹೆಚ್ಚಾಗಿ ಹೃದಯ-ಶ್ವಾಸಕೋಶಕ್ಕೆ ಹೊರೆಯಾದದ್ದು. ಒತ್ತಡ ಇಳಿದಿದೆಯೋ ಏರಿದೆಯೋ ಎಂಬ ಒಂದೇ ಅಂಶ ಇವೆರಡನ್ನು ಬೇರ್ಪಡಿಸಲು ಬಹುಮಟ್ಟಿಗೆ ನೆರವಾಗುತ್ತದೆ. ಮೊದಲನೆಯವರದು ಕಣ ಒಡೆಯದ, ಬರಿಯ ಜ್ವರದ ಪ್ರತಿಕ್ರಿಯೆಯಂತೆ ಕಾಣುತ್ತದೆ. ಆದರೆ ‘ಕಾಣುತ್ತದೆ’ ಎಂಬಲ್ಲಿ ನಿಲ್ಲಬೇಕು. ದೊಡ್ಡ ಪ್ರತಿಕ್ರಿಯೆಯೂ, ಬ್ಯಾಕ್ಟೀರಿಯಾ ಸೇರಿದ ರಕ್ತದ ತೊಂದರೆಯೂ ಜ್ವರದಿಂದಲೇ ಶುರುವಾಗಬಹುದು. ಹಾಗಾಗಿ ಮೂರೂ ಹಾಸಿಗೆಗಳಲ್ಲಿ ನರ್ಸಿನ ಮೊದಲ ಕೆಲಸ ಒಂದೇ: ರಕ್ತ ನಿಲ್ಲಿಸುವುದು. ಬೇರ್ಪಡಿಸುವ ವಿಚಾರವೆಲ್ಲ ಆಮೇಲೆ. ಪ್ರತಿಕ್ರಿಯೆಗಳ ವ್ಯತ್ಯಾಸ ಕಲಿಸುವ ಉದ್ದೇಶ ಬರೆಯುವವರು ಇದನ್ನು ಮರೆತರೆ, ‘ಇದು ಬರೀ ಜ್ವರ’ ಎಂದು ಹನಿ ಬಿಟ್ಟುಕೊಂಡು ಯೋಚಿಸುತ್ತಾ ನಿಲ್ಲುವ ನರ್ಸನ್ನು ತಾವೇ ತಯಾರುಮಾಡಿದಂತೆ.

ಈಗ ಉದ್ದೇಶ ಕೆಡುವ ಬಗೆ. ಶಿಕ್ಷಕಿ ತರಗತಿಯಲ್ಲಿ ಈ ಪ್ರತಿಕ್ರಿಯೆಗಳ ವ್ಯತ್ಯಾಸವನ್ನು ಕೋಷ್ಟಕ ಮಾಡಿ ಬರೆಸಿ, ಪರೀಕ್ಷೆಯಲ್ಲಿ ‘ವ್ಯತ್ಯಾಸ ತಿಳಿಸಿ’ ಎಂದು ಕೇಳಿದರೆ, ಕ್ರಿಯಾಪದ ವಿಶ್ಲೇಷಣೆಯದು, ಆದರೆ ಕೆಲಸ ಸ್ಮರಣೆಯದು. ವಿದ್ಯಾರ್ಥಿನಿ ನೋಟ್ಸಿನ ಕೋಷ್ಟಕವನ್ನು ನೆನಪಿನಿಂದ ಇಳಿಸುತ್ತಾಳೆ ಅಷ್ಟೇ. ಲೆಸನ್ ಪ್ಲಾನ್ ಬರೆಯುವವರು ಮೇಜಿನ ಮೇಲೆ ಇಟ್ಟುಕೊಳ್ಳುವ ಕ್ರಿಯಾಪದಗಳ ಪಟ್ಟಿ ದಾರಿ ತಪ್ಪಿಸುವುದು ಹೀಗೆ. ಉದ್ದೇಶದ ಮಟ್ಟವನ್ನು ನಿರ್ಧರಿಸುವುದು ಕ್ರಿಯಾಪದ ಒಂದೇ ಅಲ್ಲ. ವಿದ್ಯಾರ್ಥಿ ಅದನ್ನು ಮೊದಲೇ ಕಂಡಿದ್ದಾಳೋ ಇಲ್ಲವೋ ಎಂಬುದೂ ನಿರ್ಧರಿಸುತ್ತದೆ. ಪ್ರಶ್ನೆಯೊಂದು ಯಾವ ಮಟ್ಟದ್ದೆಂದು ಹೇಳಲು ಪರೀಕ್ಷೆ ಬರೆಯುವವರ ಹಿಂದಿನ ಕಲಿಕೆ ಏನಿತ್ತೆಂದು ಗೊತ್ತಿರಬೇಕು ಎಂಬ ಮಾತು 1956ರ ಮೂಲ ಗ್ರಂಥದಲ್ಲಿಯೇ ಇದೆ. ಮೆಟ್ಟಿಲುಗಳ ಚಿತ್ರ ಎಲ್ಲ ಕಡೆ ಹರಡಿತು, ಈ ಎಚ್ಚರಿಕೆ ಅಷ್ಟಾಗಿ ಹರಡಲಿಲ್ಲ. ಅದಕ್ಕೇ ಮೇಲಿನ ವಾಕ್ಯದಲ್ಲಿ ‘ತರಗತಿಯಲ್ಲಿ ನೋಡಿರದ’ ಎಂಬ ಮಾತು ಬೇಕು. ಅದನ್ನು ತೆಗೆದರೆ ಉದ್ದೇಶ ಒಂದೇ ಏಟಿಗೆ ಮೂರು ಮೆಟ್ಟಿಲು ಕೆಳಗಿಳಿಯುತ್ತದೆ.

ಇದರಿಂದ ಶಿಕ್ಷಕಿಗೆ ಕೆಲಸ ಹೆಚ್ಚುತ್ತದೆ. ತರಗತಿಗೆ ಒಂದು ಬಗೆಯ ಚಾರ್ಟುಗಳು, ಪರೀಕ್ಷೆಗೆ ಇನ್ನೊಂದು ಬಗೆಯವು ಬೇಕು. ಹೊಸದು ಮಾಡಲು ಕಷ್ಟಪಡಬೇಕಿಲ್ಲ. ಅದೇ ಎರಡನೇ ಹಾಸಿಗೆಯ ಮಹಿಳೆಯನ್ನು ಆಪರೇಷನ್ ಥಿಯೇಟರಿಗೆ ಕಳಿಸಿದರೆ ಸಾಕು. ಅರಿವಳಿಕೆಯಲ್ಲಿರುವವರು ಸೊಂಟನೋವು ಹೇಳುವುದಿಲ್ಲ, ಚಳಿ ಎನ್ನುವುದಿಲ್ಲ. ಉಳಿಯುವ ಸುಳಿವುಗಳು ಇಳಿಯುವ ರಕ್ತದೊತ್ತಡ, ಮೂತ್ರದ ಬಣ್ಣ, ಗಾಯದಿಂದ ನಿಲ್ಲದೆ ಒಸರುವ ರಕ್ತ. ಕೋಷ್ಟಕ ಕಂಠಪಾಠ ಮಾಡಿದವಳು ಇಲ್ಲಿ ತಡವರಿಸುತ್ತಾಳೆ, ಕಾರಣ ಅರಿತವಳು ದಾಟುತ್ತಾಳೆ.

ಮೌಲ್ಯಮಾಪನದ ಮಟ್ಟಕ್ಕೆ ಒಳ್ಳೆಯ ಸಾಮಗ್ರಿ ನರ್ಸಿನ ಟಿಪ್ಪಣಿ. ಕಲ್ಪಿತ ಟಿಪ್ಪಣಿಯೊಂದು ಹೀಗಿರಲಿ: 11.10ಕ್ಕೆ ರೋಗಿಗೆ ಚಳಿ ಬಂತು. ಹನಿ ನಿಧಾನ ಮಾಡಿ ಕಂಬಳಿ ಹೊದಿಸಿದೆ. 11.35ಕ್ಕೆ ಡಾಕ್ಟರಿಗೆ ತಿಳಿಸಿದೆ. 11.40ಕ್ಕೆ ರಕ್ತ ನಿಲ್ಲಿಸಿ, ಬ್ಯಾಗನ್ನು ಹಳದಿ ಬಕೆಟ್ಟಿಗೆ ಹಾಕಿದೆ. ಉದ್ದೇಶ: ‘ಆಸ್ಪತ್ರೆಯ ರಕ್ತ ಏರಿಸುವ ನಿಯಮಾವಳಿಯನ್ನು ಎದುರಿಗಿಟ್ಟುಕೊಂಡು, ಈ ಟಿಪ್ಪಣಿಯಲ್ಲಿ ರೋಗಿಗೆ ಹೆಚ್ಚು ಅಪಾಯ ತಂದ ನಿರ್ಧಾರ ಯಾವುದೆಂದು ತೀರ್ಮಾನಿಸಿ, ಎರಡು ಕಾರಣಗಳಿಂದ ಸಮರ್ಥಿಸುವರು.’ ಚಳಿ ಬಂದಾಗ ನಿಲ್ಲಿಸದೆ ನಿಧಾನ ಮಾಡಿದ್ದೇ ದೊಡ್ಡ ತಪ್ಪು, ಅದರಿಂದ ಅರ್ಧ ಗಂಟೆ ರಕ್ತ ಹೋಗುತ್ತಲೇ ಇತ್ತು. ಹಳದಿ ಬಕೆಟ್ಟಿನಲ್ಲೊಂದು ಸೂಕ್ಷ್ಮವಿದೆ. ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ರಕ್ತದ ಬ್ಯಾಗಿಗೆ ಹಳದಿ ಬಣ್ಣವೇ ಸರಿ. ಆದರೆ ಪ್ರತಿಕ್ರಿಯೆ ಆದಾಗ ಬ್ಯಾಗು ಇನ್ನೂ ಕಸವಾಗಿಲ್ಲ. ಅದನ್ನು ಸೆಟ್ಟಿನ ಸಮೇತ, ರೋಗಿಯ ಹೊಸ ರಕ್ತದ ಮಾದರಿಯೊಂದಿಗೆ ರಕ್ತನಿಧಿಗೆ ಕಳಿಸಬೇಕು. ಭಾರತದಲ್ಲಿ 2012ರಿಂದ ಇರುವ ಹೀಮೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ಹೋಗುವ ವರದಿಗೂ ಆ ತನಿಖೆಯೇ ಆಧಾರ. ಬಣ್ಣ ಕಲಿತವರು ‘ಸರಿ’ ಎನ್ನುತ್ತಾರೆ, ಉದ್ದೇಶ ಕಲಿತವರು ‘ಈಗಲ್ಲ’ ಎನ್ನುತ್ತಾರೆ.

ಸೃಜನೆಯನ್ನು ಒಂದು ಗಂಟೆಯ ತರಗತಿಗೆ ತುರುಕಬಾರದು. ಆರೂ ಮಟ್ಟ ತುಂಬಲೇಬೇಕೆಂಬ ಹಟದಿಂದ ‘ಆರೈಕೆಯ ಯೋಜನೆ ರೂಪಿಸುವರು’ ಎಂದು ಬರೆದು, ಪುಸ್ತಕದ ಯೋಜನೆಯನ್ನೇ ನಕಲು ಮಾಡಿಸುವ ಪದ್ಧತಿ ಇದೆ. ಅದಕ್ಕಿಂತ ವಾರ್ಡ್ ಪೋಸ್ಟಿಂಗಿನ ಎರಡು ವಾರಕ್ಕೆ ಒಂದೇ ಕೆಲಸ ಕೊಡಬಹುದು: ರಾತ್ರಿ ಪಾಳಿಯಲ್ಲಿ ಒಬ್ಬರೇ ನರ್ಸ್ ಇರುವಾಗ ಎರಡು ಹಾಸಿಗೆಗಳಲ್ಲಿ ರಕ್ತ ಶುರುಮಾಡಬೇಕಾದರೆ, ಎರಡರ ಮೊದಲ 15 ನಿಮಿಷಗಳೂ ಒಂದರ ಮೇಲೊಂದು ಬೀಳದಂತೆ, ಫ್ರಿಜ್‌ನಿಂದ ಹೊರಬಂದ ಬ್ಯಾಗು 30 ನಿಮಿಷ ಮೀರದಂತೆ ವೇಳಾಪಟ್ಟಿ ಮತ್ತು ಗಮನಿಸುವ ಹಾಳೆ ತಯಾರಿಸುವುದು. ಎರಡು ಬ್ಯಾಗುಗಳನ್ನೂ ಒಟ್ಟಿಗೆ ತರಿಸಿದ ಯೋಜನೆ ಅಲ್ಲಿಯೇ ಮುಗ್ಗರಿಸಬಹುದು. ಇದಕ್ಕೆ ಪುಸ್ತಕದಲ್ಲಿ ಸಿದ್ಧ ಉತ್ತರವಿಲ್ಲ.

ಇನ್ನು ‘ಎಷ್ಟು ಚೆನ್ನಾಗಿ’ ಎಂಬ ಮಾತು. ‘ಶೇ. 80ರಷ್ಟು ಸರಿಯಾಗಿ’ ಎಂದು ಎಲ್ಲ ಉದ್ದೇಶಗಳ ಬಾಲಕ್ಕೂ ಅಂಟಿಸುವ ರೂಢಿ ಈ ವಿಷಯದಲ್ಲಿ ಅಪಾಯಕಾರಿ. ಲಕ್ಷಣಗಳ ಪಟ್ಟಿಯಲ್ಲಿ ಏಳರಲ್ಲಿ ಐದು ಹೇಳಿದರೆ ನಡೆದೀತು. ರೋಗಿಯ ಗುರುತು ಪರಿಶೀಲನೆಯಲ್ಲಿ ಹತ್ತಕ್ಕೆ ಎಂಟು ಎಂದರೆ ಉಳಿದ ಇಬ್ಬರಿಗೆ ಬೇರೆಯವರ ರಕ್ತ ಹೋಗಬಹುದು. ಗುಂಪು ಹೊಂದದ ರಕ್ತ ಏರಿದ ಪ್ರಕರಣಗಳಲ್ಲಿ ಹೆಚ್ಚಿನವುಗಳ ಮೂಲ ಪ್ರಯೋಗಾಲಯದ ಪರೀಕ್ಷೆಯಲ್ಲಿ ಇರುವುದಿಲ್ಲ, ಮಾದರಿ ತೆಗೆಯುವಾಗ ಅಥವಾ ಏರಿಸುವಾಗ ವ್ಯಕ್ತಿ ಅದಲುಬದಲಾದದ್ದರಲ್ಲಿ ಇರುತ್ತದೆ. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರುವುದು ನಮ್ಮಲ್ಲಿ ಅಪರೂಪವಲ್ಲ. ‘ನೀವು ಲಕ್ಷ್ಮಮ್ಮ ತಾನೆ?’ ಎಂದರೆ ಅರೆನಿದ್ದೆಯಲ್ಲಿ ಯಾರೂ ‘ಹ್ಞೂಂ’ ಎಂದಾರು. ‘ನಿಮ್ಮ ಪೂರ್ತಿ ಹೆಸರು ಹೇಳಿಯಮ್ಮಾ’ ಎಂದು ಕೇಳಿ, ಐ.ಪಿ. ನಂಬರನ್ನು ಕೈಪಟ್ಟಿ, ಕೇಸ್ ಶೀಟ್, ಬ್ಯಾಗಿನ ಚೀಟಿಗಳ ಮೇಲೆ ಇಬ್ಬರು ಸೇರಿ ಹೋಲಿಸಬೇಕು. ಇಂಥ ಹೆಜ್ಜೆಗೆ ಬರೆಯುವ ಮಾನದಂಡ ಒಂದೇ: ಪ್ರತಿ ಸಲವೂ, ಒಂದೂ ಬಿಡದೆ.

ಆದರೆ ಈ ಕೊನೆಯದು ಬುದ್ಧಿಯ ಮಟ್ಟದ ಉದ್ದೇಶವಾಗಿ ಉಳಿಯಲಿಲ್ಲ, ಕೈಕೆಲಸವೂ ಆಯಿತು. ಗುರುತು ಪರಿಶೀಲನೆಯ ಹೆಜ್ಜೆಗಳನ್ನು ತಪ್ಪಿಲ್ಲದೆ ಬರೆದವಳು ಹಾಸಿಗೆಯ ಬಳಿ ಕೈಪಟ್ಟಿ ನೋಡದೆ ಹೋಗಬಹುದು. ಬರವಣಿಗೆಯ ಪರೀಕ್ಷೆಗೆ ಅದು ಕಾಣುವುದಿಲ್ಲ. ‘ಹೆಜ್ಜೆಗಳನ್ನು ಕ್ರಮವಾಗಿ ಹೇಳಿ, ಮಾಡಿ ತೋರಿಸುವರು’ ಎಂದು ಎರಡನ್ನೂ ಒಂದೇ ವಾಕ್ಯದಲ್ಲಿ ಹೊಲಿದರೆ, ಹೇಳಿದವಳಿಗೆ ಮಾಡಿದ ಅಂಕವೂ ಸಿಕ್ಕಿಬಿಡುತ್ತದೆ. ಬೇರೆ ಬೇರೆ ವಾಕ್ಯವಾಗಿಸಿ, ಮಾಡುವುದನ್ನು ಓಎಸ್‌ಸಿಇ ಎನ್ನುವ ಪ್ರಾಯೋಗಿಕ ಪರೀಕ್ಷೆಯ ಒಂದು ಠಾಣೆಗೆ ಒಯ್ಯಬೇಕು. ಅಲ್ಲಿ ರೋಗಿಯ ಪಾತ್ರ ಮಾಡುವವರು ‘ಹ್ಞೂಂ’ ಎಂದಷ್ಟೇ ಹೇಳಿ ಸುಮ್ಮನಿರುತ್ತಾರೆ, ಕೈಪಟ್ಟಿಯ ನಂಬರು ಬ್ಯಾಗಿನ ನಂಬರಿಗಿಂತ ಒಂದಂಕಿ ಬೇರೆ ಇರುತ್ತದೆ, ಪರೀಕ್ಷಕರು ಪಟ್ಟಿ ಹಿಡಿದು ನೋಡುತ್ತಾರೆ.

ಒಂದು ಗಂಟೆಯ ಪಾಠಕ್ಕೆ ಇಂಥ ಉದ್ದೇಶಗಳು ನಾಲ್ಕೈದಕ್ಕಿಂತ ಹೆಚ್ಚು ಹಿಡಿಯವು. ಬರೆದಾದ ಮೇಲೆ ಶಿಕ್ಷಕಿ ಆ ಹಾಳೆಯನ್ನು ಇನ್ನೊಬ್ಬ ಸಹೋದ್ಯೋಗಿಗೆ ಕೊಟ್ಟು, ‘ಪ್ರತಿಯೊಂದಕ್ಕೂ ಒಂದು ಪ್ರಶ್ನೆ ಬರೆದುಕೊಡಿ ಮೇಡಂ’ ಎಂದು ಕೇಳಬಹುದು. ಅವರು ಬರೆದ ಪ್ರಶ್ನೆ ಶಿಕ್ಷಕಿಯ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನೇ ಹೋಲಿದರೆ ವಾಕ್ಯ ಸ್ಪಷ್ಟವಾಗಿದೆ. ಮೂರು ಚಾರ್ಟಿನ ಉದ್ದೇಶಕ್ಕೆ ಅವರಿಂದ ‘ವ್ಯತ್ಯಾಸ ತಿಳಿಸಿ’ ಎಂಬ ಪ್ರಶ್ನೆ ಬಂದರೆ, ಸನ್ನಿವೇಶದ ಭಾಗವನ್ನು ಮತ್ತೆ ಬರೆಯಬೇಕು.